ಒಂದು ‘ಎಸ್’ ಮತ್ತು ನನ್ನ ಕಾಯಂ ನೌಕರಿ

ಮಳವಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದೆ, ಆದರೆ ಹಂಗಾಮಿ. ಮದುವೆಯಾಗಿ ವರ್ಷವಾಗಿದ್ದರೂ ಹೆಂಡತಿ ಚಿಕ್ಕರಸಿನಕೆರೆಯ ತವರಿನಲ್ಲೇ ಇದ್ದಳು. “ಕೆಲ್ಸ ಕಾಯಂ ಆಗ್ಲಿ, ಆಮೇಲೆ ಕಳುಸ್ತೀನಿ” ಎಂದು ಮಾವ ಕಡ್ಡಿ ಮುರಿದಂತೆ ಹೇಳಿದ್ದರು. ಕಾಯಂ ಆಗಬೇಕಾದರೆ ಇನ್‌ಸ್ಪೆಕ್ಟರ್ ನನ್ನ ಪಾಠ ಕೇಳಿ, ಶಾಲೆಯ ವಿಸಿಟ್ ಬುಕ್ಕಿನಲ್ಲಿ ಶಿಫಾರಸು ಬರೆಯಬೇಕು.

ಅವರು ಬಂದ ದಿನ ನಾನು ಬೋರ್ಡಿನ ಮೇಲೆ ಬರೆದಿದ್ದೆ: ‘ಐ ಸಜೆಸ್ಟ್ ದಟ್ ಹಿ ಸೆಂಡ್ ದಿ ಫೈಲ್.’ ಇನ್‌ಸ್ಪೆಕ್ಟರ್ ಸೀಮೆಸುಣ್ಣ ತೆಗೆದುಕೊಂಡು ‘ಸೆಂಡ್’ ಪಕ್ಕದಲ್ಲಿ ‘ಎಸ್’ ಸೇರಿಸಿದರು.

“‘ಹಿ’ ಬಂದ ಮೇಲೆ ‘ಸೆಂಡ್ಸ್’ ಅನ್ನಬೇಕಲ್ಲವೇ ಮೇಷ್ಟ್ರೇ?”

“ಅವನು ಕಳಿಸುತ್ತಾನೆ ಅನ್ನುವಾಗ ‘ಸೆಂಡ್ಸ್’ ಸರಿ ಸಾರ್. ಇಲ್ಲಿ ಅವನು ಕಳಿಸಲಿ ಎಂದು ಸಲಹೆ ಕೊಡುತ್ತಿದ್ದೇವೆ. ಸಜೆಸ್ಟ್, ರಿಕ್ವೆಸ್ಟ್, ರೆಕಮೆಂಡ್ ಆದ ಮೇಲೆ ಬರುವ ಈ ಬಗೆಯ ಮಾತಿಗೆ ‘ಎಸ್’ ಸೇರುವುದಿಲ್ಲ.”

ಅವರ ಮುಖ ಗಂಟಾಯಿತು. ಬಾಗಿಲಲ್ಲಿ ನಿಂತಿದ್ದ ಹೆಡ್‌ಮೇಷ್ಟ್ರು ಹಲಗೂರಿನ ಕಡೆಯವರು, ಒಳ್ಳೆಯ ಮನುಷ್ಯ. ನನ್ನ ಬಳಿ ಬಂದು ಮೆಲ್ಲಗೆ ಅಂದರು: “ಯಾಕ್ ಜಿದ್ದು? ‘ಶುಡ್ ಸೆಂಡ್’ ಅಂತ ಬರ್ದ್‌ಬುಡಿ. ಅದೂ ಸರೀನೇ ಅಲ್ವಾ? ಅವ್ರೂ ಸುಮ್ಕಾಯ್ತರೆ.”

ಉಪಾಯ ಸರಿಯಾಗಿಯೇ ಇತ್ತು. ಆದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಸರಿಯಾಗಿರುವುದನ್ನು ನಾನೇಕೆ ಅಳಿಸಲಿ? ಅವರು ಸೇರಿಸಿದ ‘ಎಸ್’ ಅನ್ನು ಬಟ್ಟೆಯಿಂದ ಒರೆಸಿ ಪಾಠ ಮುಂದುವರಿಸಿದೆ. ಆ ಕ್ಷಣದಲ್ಲಿ ಬಹಳ ಖುಷಿಯಾಗಿತ್ತು.

ಊಟದ ಹೊತ್ತಿಗೆ ಇನ್‌ಸ್ಪೆಕ್ಟರ್ ಆಫೀಸಿನಲ್ಲಿ ಕೂತು ವಿಸಿಟ್ ಬುಕ್ ಬರೆದರು. ಅದನ್ನು ಹೆಡ್‌ಮೇಷ್ಟ್ರು ಸಂಬಂಧಪಟ್ಟವರ ಎದುರಿಗೆ ಓದಿ ಹೇಳುವುದು ಆಗಿನ ರೂಢಿ. ನನ್ನ ವಿಷಯಕ್ಕೆ ಬಂದಾಗ ಅವರ ದನಿ ಇಳಿಯಿತು: “ಐ ರೆಕಮೆಂಡ್ ದಟ್ ಹಿ ನಾಟ್ ಬಿ ಕನ್‌ಫರ್ಮ್ಡ್ ದಿಸ್ ಇಯರ್.” ಈ ವರ್ಷ ಕಾಯಂ ಬೇಡ ಎಂದರ್ಥ.

ಅಷ್ಟಾದರೂ ನನ್ನ ಕಿವಿ ಸುಮ್ಮನಿರಲಿಲ್ಲ. ಬೆಳಿಗ್ಗೆ ನಾನು ಹೇಳಿದ್ದ ನಿಯಮದಂತೆಯೇ ಇನ್‌ಸ್ಪೆಕ್ಟರ್ ‘ಈಸ್’ ಬಿಟ್ಟು ‘ಬಿ’ ಎಂದು ಬರೆದಿದ್ದರು!

“ಸಾರ್, ‘ಹಿ’ ಬಂದ ಮೇಲೆ ‘ಈಸ್’ ಅನ್ನಬೇಕಲ್ಲವೇ?” ಎಂದೆ.

ಹೆಡ್‌ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಇನ್‌ಸ್ಪೆಕ್ಟರ್ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು ಸಾಲನ್ನು ನೋಡಿದರು. ಕಿವಿ ಕೆಂಪಾಯಿತು. ಬರೆದ ಶಿಫಾರಸನ್ನು ಬದಲಿಸುತ್ತಾರೇನೋ ಎಂದು ನನಗೆ ಆಸೆ ಹುಟ್ಟಿದ್ದು ನಿಜ. ಅವರು ‘ನಾಟ್ ಬಿ’ ಹೊಡೆದುಹಾಕಿ, ಮೇಲೆ ‘ಈಸ್ ನಾಟ್’ ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದರು.

“ಈಗ ಸರಿಹೋಯಿತೇ?” ಎಂದರು.

ಸರಿಯಿದ್ದ ಇಂಗ್ಲಿಷು ಕೆಟ್ಟಿತು, ನನ್ನ ಗತಿ ಹಾಗೇ ಉಳಿಯಿತು. ಆ ವಾರವೇ ಚಿಕ್ಕರಸಿನಕೆರೆಗೆ ಹೋಗಿ ಮಾವನಿಗೆ ವಿಷಯ ತಿಳಿಸಿದೆ. ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ನನ್ನ ಹೆಂಡತಿ, ನನ್ನ ಜೊತೆ ಹೊರಡಲೆಂದು ಕಟ್ಟಿಟ್ಟಿದ್ದ ಸೀರೆಗಳ ಗಂಟನ್ನು ಎತ್ತಿಕೊಂಡು ಒಳಗೆ ಹೋದಳು.