ಒಂದೇ ಕೀಬೋರ್ಡ್, ಎರಡು ಪರದೆ

ನಮ್ಮ ಕಾರ್ಖಾನೆಯ ಕಚೇರಿಯಲ್ಲಿ ಟೈಪಿಸ್ಟ್ ಅಕ್ಕನನ್ನು ಮೀರಿಸುವವರಿಲ್ಲ. ಇಪ್ಪತ್ತೆರಡು ವರ್ಷದ ಕೈ. ಕಣ್ಣು ಮಾತಾಡುವವರ ಮುಖದ ಮೇಲಿರುತ್ತದೆ, ಬೆರಳು ಅದರ ಪಾಡಿಗೆ ಓಡುತ್ತದೆ. ನಾನು ಅಲ್ಲಿನ ಕಂಪ್ಯೂಟರ್ ರಿಪೇರಿಯವನು. "ನಿನ್ನ ತಲೆಗಿಂತ ನನ್ನ ಬೆರಳಿಗೆ ಬುದ್ಧಿ ಜಾಸ್ತಿ ಕಣೋ" ಎಂದು ಕಾಲೆಳೆಯುತ್ತಿದ್ದಳು. ನಿಜವೇ ಇರಬೇಕು.

ಬಾಯ್ಲರ್ ನೋಡಿಕೊಳ್ಳುವ ಅಣ್ಣನ ವಿಚಾರಣೆಗೆ ಅವಳನ್ನೇ ಕೂರಿಸಿದರು. ಉರಿಯುವ ಬಾಯ್ಲರ್ ಬಿಟ್ಟು ಹೊರಗೆ ಹೋದರೆಂಬ ಆರೋಪ. ಸಾಬೀತಾದರೆ ಕೆಲಸಕ್ಕೆ ಸಂಚಕಾರ. ಕಳಿಸಿದವನು ಸೂಪರ್‌ವೈಸರೇ. ಅದನ್ನು ಅಣ್ಣ ಬಾಯಿಬಿಟ್ಟು ಹೇಳಬೇಕಿತ್ತು, ಅಷ್ಟೇ. ಆದರೆ ಮೂವತ್ತು ವರ್ಷದ ಸದ್ದಿಗೆ ಅವರ ಕಿವಿ ಪೂರ್ತಿ ಹೋಗಿತ್ತು. ಕೇಳಿದ್ದನ್ನು ಬರೆದು ತೋರಿಸಬೇಕು.

ಮೇಜು ಚಿಕ್ಕದು. ನಾನು ಜಾಣತನ ಮೆರೆದು, ತಂತಿಯಿಲ್ಲದ ಒಂದೇ ಕೀಬೋರ್ಡನ್ನು ಎರಡು ಕಂಪ್ಯೂಟರಿಗೆ ಜೋಡಿಸಿಕೊಟ್ಟೆ. ಒಂದನೇ ಗುಂಡಿ ಒತ್ತಿದರೆ ಅಕ್ಷರ ಅಕ್ಕನ ಮುಂದಿನ ದಾಖಲೆಗೆ, ಎರಡನೆಯದು ಒತ್ತಿದರೆ ಅಣ್ಣನ ಎದುರಿನ ಪರದೆಗೆ. ಒತ್ತಿದಾಗ ಪುಟ್ಟ ದೀಪ ಹತ್ತಿ, ಕ್ಷಣದಲ್ಲಿ ಆರಿಹೋಗುತ್ತದೆ. ಆಮೇಲೆ ಅದು ಯಾವ ಕಡೆಗಿದೆ ಎಂದು ನೋಡಿ ಹೇಳಲಾಗದು. ಅಣ್ಣನ ಪರದೆಯ ಬೆನ್ನು ಅಕ್ಕನ ಕಡೆಗಿತ್ತು. ಹಾಗಿಟ್ಟವನೂ ನಾನೇ.

ವಿಚಾರಣಾಧಿಕಾರಿ ಕಡತ ತಿರುವಿ ಮುಗಿಸಿ, "ಯಾಕೆ ಹೊರಗೆ ಹೋದ್ರಿ? ಯಾರಾದ್ರೂ ಕಳಿಸಿದ್ರಾ?" ಎಂದರು. ಅಕ್ಕ ದಾಖಲೆಗೆ ಟೈಪ್ ಮಾಡಿದಳು. ಅಣ್ಣನಿಗೆಂದು ಮತ್ತೊಮ್ಮೆ ಮಾಡಿದಳು, ಅವರ ಮುಖವನ್ನೇ ನೋಡುತ್ತಾ. ಅಣ್ಣ ಪರದೆ ನೋಡಿಕೊಂಡು ತೆಪ್ಪಗೆ ಕೂತಿದ್ದರು. ಹೇಳಬಾರದೇ ಎಂದು ಬಾಗಿಲ ಬಳಿ ನಿಂತ ನನಗೇ ರೇಗಿತು.

"ಉತ್ತರ ಇಲ್ಲ ಅಂತ ಬರ್ಕೊಳ್ಳಮ್ಮ" ಎಂದರು ಅಧಿಕಾರಿ. ಅವಳು ಬರೆದುಕೊಂಡಳು. ಅಚ್ಚಾಗಿ ಬಂದ ಹಾಳೆಗೆ ಅಧಿಕಾರಿ ಸಹಿ ಹಾಕಿಯೂ ಆಯಿತು.

ಹಾಳೆ ನೋಡಿ ಅಕ್ಕನ ಮುಖ ಬಿಳಿಚಿಕೊಂಡಿತು. ಅದೇ ಪ್ರಶ್ನೆ ಒಂದರ ಕೆಳಗೆ ಒಂದು, ಎರಡು ಸಲ.

"ಸರ್, ಇದು ಅವ್ರಿಗೆ ಹೋಗೇ ಇಲ್ಲ! ನಾನು ಎರಡನೇದು ಒತ್ತೋದು ಮರೆತೆ. ಇನ್ನೊಂದ್ಸಲ ಕೇಳಿ ಸರ್, ಕೈ ಮುಗಿತೀನಿ."

"ಒಂದಲ್ಲ, ಎರಡು ಸಲ ಕೇಳಿದೀವಿ ಅಂತ ನೀವೇ ಬರೆದಿದೀರಲ್ಲಮ್ಮ. ಇನ್ನೇನು ಬೇಕು?"

ನಾನು ಅಡ್ಡ ನಿಂತು, ತಪ್ಪು ನನ್ನದು ಎಂದೆ. ನನ್ನನ್ನು ಕೇಳುವವರು ಯಾರು? ಅವರು ಕಡತ ಬಗಲಿಗಿಟ್ಟು ಹೊರಟೇ ಹೋದರು. ಅಕ್ಕ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಸುತ್ತಿ ಹೋಗಿ ಅಣ್ಣನ ಪರದೆ ನೋಡಿದೆ. ಅಧಿಕಾರಿ ಕಡತ ತಿರುವುತ್ತಿದ್ದಾಗ ಅಕ್ಕ ಕಳಿಸಿದ್ದ ಸಾಲು ಹಾಗೇ ಇತ್ತು: "ಸ್ವಲ್ಪ ಇರಿ ಅಣ್ಣ, ಈಗ ಕೇಳ್ತಾರೆ."

ಅಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಅಳುತ್ತಿದ್ದ ಅಕ್ಕನನ್ನು ನೋಡಿ ಕೈಯಾಡಿಸಿದರು.

"ಅಳ್ಬೇಡಮ್ಮ. ಸಾಹೇಬ್ರು ಊಟಕ್ಕೆ ಹೋದ್ರಾ? ಹೋಗ್ಬರ್ಲಿ ಬಿಡು. ಬಂದ್ಮೇಲೆ ಎಲ್ಲಾ ಹೇಳ್ತೀನಿ."