ದೀಪಾವಳಿ ವಾರದ ಟಿಕೆಟ್

ಅಣ್ಣ ಅಂದು ‘ಇಳೀತದೆ’ ಎಂದನೋ ‘ಇಳೀಬೋದು’ ಎಂದನೋ, ಈಗ ಆಣೆ ಇಟ್ಟು ಹೇಳಲಾರೆ. ಆ ದಿನದ ಬೇರೆಲ್ಲ ನೆನಪಿದೆ. ಆಷಾಢದ ಗಾಳಿಗೆ ಅಂಗಡಿಯ ಬಾಗಿಲ ಪರದೆ ಹಾರಿ ಹಾರಿ ಕಂಪ್ಯೂಟರಿನ ಮೇಲೆ ಬೀಳುತ್ತಿತ್ತು. ಅಮ್ಮ ಬೆನ್ನಿಗೆ ದಿಂಬು ಕೊಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಆದರೆ ಮುಖ್ಯವಾದ ಆ ಒಂದು ಪದದ ಬಾಲವೇ ನನ್ನ ಕಿವಿಯಲ್ಲಿ ಉಳಿದಿಲ್ಲ.

ಬೇಲೂರಿನ ಬಸ್ ನಿಲ್ದಾಣದ ಹತ್ತಿರ ಅಣ್ಣನ ಅಂಗಡಿ. ಒಂದು ಕಡೆ ಝೆರಾಕ್ಸ್, ಒಂದು ಕಡೆ ಎಸ್‌ಟಿಡಿ ಬೂತ್, ನಡುವೆ ಬಸ್ಸು, ರೈಲು, ವಿಮಾನದ ಟಿಕೆಟ್. ಕಡಿಮೆ ದರದ ವಿಮಾನಗಳು ಆಗಷ್ಟೇ ಶುರುವಾಗಿದ್ದವು. ದೇವಸ್ಥಾನ ನೋಡಲು ಬಂದವರು, ಬಿಕ್ಕೋಡು ಕಡೆಯ ಎಸ್ಟೇಟಿನವರು ಅವನ ಗಿರಾಕಿಗಳು. ನಾನು ಅರಸೀಕೆರೆಯ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕಿ. ಶನಿವಾರ ಹಳೇಬೀಡಿನ ಮೇಲೆ ಬರುವ ಬಸ್ಸು ಹಿಡಿದು ಅಮ್ಮನನ್ನು ನೋಡಲು ಬರುತ್ತಿದ್ದೆ.

ಆ ವರ್ಷ ತಂಗಿ ಪುಣೆಯಲ್ಲಿ ತಾನೇ ನೋಡಿಕೊಂಡ ಹುಡುಗನನ್ನು ಮದುವೆಯಾಗಿದ್ದಳು. ನಮ್ಮ ಕಡೆಯಿಂದ ಯಾರೂ ಹೋಗಿರಲಿಲ್ಲ. ಅಣ್ಣ ಕೂಗಾಡಲಿಲ್ಲ, ‘ಅವಳಿಷ್ಟ’ ಎಂದ. ಆ ಮಾತನ್ನು ನಾವೆಲ್ಲ ಒಪ್ಪಿಗೆ ಎಂದೇ ತಿಳಿದೆವು. ಮದುವೆಯಾದ ಮೊದಲ ದೀಪಾವಳಿಗೆ ಅಳಿಯನನ್ನು ಕರೆಯಬೇಕು. ಅಣ್ಣ ಆ ಸುದ್ದಿ ಎತ್ತಲಿಲ್ಲ. ಕೊನೆಗೆ ತಂಗಿಯೇ ಫೋನು ಮಾಡಿ, ಹಬ್ಬಕ್ಕೆ ಅತ್ತೆ ಮಾವ ಪುಣೆಗೆ ಬರುತ್ತಾರೆ, ತಮ್ಮಿಬ್ಬರಿಗೂ ರಜೆ, ಅಮ್ಮನೂ ಬಂದರೆ ಎಲ್ಲ ಒಂದು ಕಡೆ ಸೇರಿದಂತಾಗುತ್ತದೆ ಎಂದಳು. ಅಮ್ಮನಿಗೆ ಬೆನ್ನಿನ ಆಪರೇಷನ್ ಆಗಿತ್ತು. ರಾತ್ರಿಯಿಡೀ ಕುಲುಕುವ ರೈಲು ಬೇಡವೆಂದು ಡಾಕ್ಟರು ಹೇಳಿದ್ದರು. ಬೆಂಗಳೂರಿನವರೆಗೆ ಕಾರಿನಲ್ಲಿ ಮಲಗಿಸಿಕೊಂಡು ಹೋದರೆ ಮುಂದೆ ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ. ಜೊತೆಗೆ ನಾನು ಹೋಗುವುದೆಂದಾಯಿತು.

ಟಿಕೆಟ್ ಯಾವಾಗ ತೆಗೆಯಬೇಕು ಎಂದು ಅಮ್ಮ ಕೇಳಿದ್ದು ಅದೇ ಆಷಾಢದಲ್ಲಿ.

ಅಣ್ಣ ನಕ್ಕ. “ಆಷಾಢದಾಗೆ ದೀಪಾವಳಿ ಟಿಕೆಟ್ಟಾ? ಯಾರಾದ್ರೂ ಕೇಳಿದ್ರೆ ನಗ್ತಾರೆ ಕಣಮ್ಮ. ಪುಣೆ ಏನು ಅಮೆರಿಕಾನಾ? ಇಷ್ಟು ಹತ್ತಿರದ್ದಕ್ಕೆ ಮೂರು ವಾರ ಇದ್ದಾಗ ತೆಗೆದ್ರೆ ಸಾಕು. ಸೀಟು ಖಾಲಿ ಇದ್ರೆ ಅವರೇ ರೇಟ್ ಇಳಿಸ್ತಾರೆ.”

ಅದರ ಹಿಂದೆಯೇ ಆ ಒಂದು ಪದ ಬಂತು. ಅಮ್ಮ ತಲೆಯಾಡಿಸಿದಳು. ನಾನೂ ಆಡಿಸಿದೆ. ಟಿಕೆಟ್ಟಿನ ವಿಷಯದಲ್ಲಿ ಅವನನ್ನು ಬಿಟ್ಟು ಇನ್ನಾರನ್ನು ಕೇಳುವುದು?

ಶ್ರಾವಣ ಕಳೆಯಿತು, ಗೌರಿ ಗಣೇಶ ಕಳೆಯಿತು. ಅಮ್ಮ ಕೊಬ್ಬರಿ ಮಿಠಾಯಿ ಎಷ್ಟು ದಿನ ಕೆಡದೆ ಇರುತ್ತದೆಂದು ಲೆಕ್ಕ ಹಾಕತೊಡಗಿದಳು. ನಾನು ಕೇಳಿದಾಗಲೆಲ್ಲ ಅಣ್ಣ “ನೋಡ್ತಾ ಇದೀನಿ ಕಣೇ, ಇನ್ನೊಂಚೂರು ತಡಿ” ಎನ್ನುತ್ತಿದ್ದ. ದಸರೆ ಮುಗಿದ ಮೇಲೆ ಒಂದು ದಿನ ತಾನಾಗಿಯೇ ಬಂದು ಹೇಳಿದ: ಹಬ್ಬದ ಹಿಂದಿನ ದಿನಗಳ ವಿಮಾನಗಳು ಬಹುಪಾಲು ಭರ್ತಿ. ಉಳಿದ ಒಂದೆರಡರಲ್ಲಿ ನಮ್ಮಿಬ್ಬರಿಗೆ ಹೋಗಿ ಬರಲು ನನ್ನ ಎರಡು ತಿಂಗಳ ಸಂಬಳವೂ ಸಾಲದು. ರೈಲಿನಲ್ಲೂ ವೇಟಿಂಗ್ ಲಿಸ್ಟ್.

“ಏನ್ ಮಾಡೋದಮ್ಮ, ಈ ಸಲ ಯಾಕೋ ಇಳೀಲೇ ಇಲ್ಲ” ಎಂದ. ದನಿಯಲ್ಲಿ ಬೇಸರವೇ ಇತ್ತು. ಇತ್ತೆಂದು ನನಗೆ ಅನ್ನಿಸಿತ್ತು.

ಅಮ್ಮ, “ಅಷ್ಟೊಂದು ಕೊಟ್ಟು ಹಾರಿಕೊಂಡು ಹೋಗೋದು ಬ್ಯಾಡ ಬಿಡು” ಎಂದು ಒಳಗೆ ಹೋದಳು.

ಮುಂದಿನ ಶನಿವಾರ ನಾನು ಅಂಗಡಿಗೆ ಹೋದೆ, ಯಾರಾದರೂ ರದ್ದು ಮಾಡಿ ಸೀಟು ಖಾಲಿಯಾಗಿರಬಹುದೇ ಎಂಬ ಆಸೆಯಿಂದ. ಬಿಕ್ಕೋಡಿನ ಎಸ್ಟೇಟ್ ಮ್ಯಾನೇಜರೊಬ್ಬರು ಮೇಜಿನ ಮುಂದೆ ಕೂತಿದ್ದರು. ಬೂತಿನ ಗಾಜಿನ ಆಚೆ ನಿಂತ ನನ್ನನ್ನು ಅಣ್ಣ ನೋಡಲಿಲ್ಲ.

“ಕ್ರಿಸ್‌ಮಸ್ ವಾರ ಗೋವಾಕ್ಕೆ ಹೋಗಣ ಅಂತವ್ರೆ ನಮ್ಮನೇರು. ಇನ್ನೂ ಟೈಮೈತಲ್ಲ?” ಮ್ಯಾನೇಜರು ಕೇಳಿದರು.

“ಟೈಮೆಲ್ಲಿದೆ ಸಾರ್? ಮಾಮೂಲಿ ವಾರ ಆಗಿದ್ರೆ ಮೂರು ನಾಲ್ಕು ವಾರ ಮುಂಚೆ ಬನ್ನಿ ಅಂತ ನಾನೇ ಅಂತಿದ್ದೆ. ರಜದ ವಾರದ ಲೆಕ್ಕಾನೇ ಬೇರೆ. ಕಡಿಮೆ ರೇಟಿನ ಸೀಟು ಇರೋದೇ ನಾಕಾರು, ಮೊದಲು ಬಂದೋರು ಅವನ್ನ ಹೊಡ್ಕೊಂಡು ಹೋಗ್ತಾರೆ. ಆಮೇಲೆ ಹತ್ತೋದೇ ಹೊರತು ಇಳಿಯೋ ಮಾತೇ ಇಲ್ಲ. ಹೆಂಗೂ ತುಂಬ್ತದೆ ಅಂತ ಅವರಿಗೆ ಗೊತ್ತಲ್ಲ, ಯಾಕೆ ಇಳಿಸ್ತಾರೆ? ಎರಡು ಮೂರು ತಿಂಗಳು ಮುಂಚೇನೇ ತಗೋಬೇಕು. ಹೋಗೋದೂ ಬರೋದೂ ಎರಡೂ ಇವತ್ತೇ ಹಾಕ್ಬಿಡ್ತೀನಿ.”

ಮ್ಯಾನೇಜರು ನಕ್ಕರು. “ನೀವು ಹೇಳಿದ್ದು ದಿಟ ಕಣ್ರೀ. ದೀಪಾವಳಿದು ನಮಗೆ ಆಷಾಢದಾಗೇ ತೆಗೆಸಿದ್ರಲ್ಲ, ಕಾದು ಕೂತ ನಮ್ಮ ಭಾವಮೈದ ಈಗ ಹೊಟ್ಟೆ ಉರ್ಕೊತಾವ್ನೆ.”

ಆಷಾಢದಲ್ಲೇ. ಅದೇ ಕುರ್ಚಿ, ಅದೇ ಕಂಪ್ಯೂಟರು. ಒಂದೇ ತಿಂಗಳಲ್ಲಿ ಅವನ ಹತ್ತಿರ ಎರಡು ಉತ್ತರಗಳಿದ್ದವು. ಮಾಮೂಲಿ ವಾರದ ಉತ್ತರವನ್ನು ತೆಗೆದು ಅಮ್ಮನ ಹಬ್ಬದ ವಾರಕ್ಕೆ ಕೊಟ್ಟಿದ್ದ. ಸುಳ್ಳು ಹೇಳಿದ ಎಂದು ಹಿಡಿಯಲೂ ಆಗದಂಥ ಸುಳ್ಳು. ಬೇರೆ ಯಾವುದೇ ವಾರದಲ್ಲಿ ಅದು ನಿಜವಾಗಿರುತ್ತಿತ್ತು.

ಆ ಸಂಜೆ ಮನೆಯಲ್ಲಿ ಅಮ್ಮನ ಮುಂದೆಯೇ ಕೇಳಿದೆ.

“ಇಳೀತದೆ ಅಂತ ನಾನೆಲ್ಲಿ ಅಂದೆ? ಇಳೀಬೋದು ಅಂದೆ ಕಣೇ” ಎಂದ ಮೊದಲು. ನಾನು ತಡವರಿಸಿದೆ. ನನ್ನ ನೆನಪಿನ ಮೇಲೆ ನನಗೇ ನಂಬಿಕೆಯಿಲ್ಲವೆಂದು ಅವನಿಗೆ ಚಿಕ್ಕಂದಿನಿಂದ ಗೊತ್ತು.

“ಆ ಮ್ಯಾನೇಜರಿಗೂ ಇಳೀಬೋದು ಅಂದ್ಯಾ?”

ಅವನ ದನಿ ಏರಿತು. “ಮೊದಲ ದೀಪಾವಳಿಗೆ ಅಳಿಯ ಅತ್ತೆ ಮನೆಗೆ ಬರ್ತಾನೋ, ಅತ್ತೆ ಅಳಿಯನ ಮನೆಗೆ ಹೋಗ್ತಾಳೋ? ಬೀದೀಲಿ ಕೇಳ್ತಾರೆ. ನಾನು ಅಂಗಡೀಲಿ ಕೂತು ಏನು ಹೇಳ್ಲಿ?”

“ಕರಿಬೇಕಾಗಿದ್ದೋನು ನೀನಲ್ವಾ?” ಎಂದೆ.

ಅಮ್ಮ ಅಣ್ಣನ ಕಡೆ ತಿರುಗಿದಳು. “ಬ್ಯಾಡ ಅಂದಿದ್ರೆ ನಿನ್ನ ಜೊತೆ ಜಗಳ ಆಡ್ತಿದ್ದೆ ಕಣಪ್ಪ. ಅತ್ತು ಕರೆದಾದ್ರೂ ಹೋಗ್ತಿದ್ದೆ. ಅದಕ್ಕೂ ಬಿಡ್ಲಿಲ್ಲವಲ್ಲ. ಮೂರು ತಿಂಗಳು ಮಿಠಾಯಿ ಲೆಕ್ಕ ಹಾಕ್ಕೊಂಡು ಕೂತಿದ್ದೆ, ನೀನು ಎದುರಿಗೇ ಓಡಾಡ್ಕೊಂಡಿದ್ದೆ.”

ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅವನು ಕೆಟ್ಟವನಲ್ಲ ಎಂದು ಬರೆಯಲು ಇಲ್ಲಿ ಕೈ ಓಡುತ್ತದೆ. ಆಪರೇಷನ್ನಿನ ಹೊತ್ತಿನಲ್ಲಿ ಆಸ್ಪತ್ರೆಯ ನೆಲದ ಮೇಲೆ ಮಲಗಿದವನು ಅವನೇ. ಆದರೂ ಅಮ್ಮನಿಗೆ ಹೊರಗಿನ ಗಿರಾಕಿಗೆ ಕೊಟ್ಟಷ್ಟು ನಿಜವನ್ನೂ ಅವನು ಕೊಡಲಿಲ್ಲ. ಇವೆರಡನ್ನೂ ಒಂದೇ ವಾಕ್ಯದಲ್ಲಿ ಕೂರಿಸಲು ಇವತ್ತಿಗೂ ನನಗೆ ಬಂದಿಲ್ಲ.

ಡಿಸೆಂಬರಿನ ಮೊದಲ ವಾರಕ್ಕೆ ನಾನು ಅರಸೀಕೆರೆಯ ಇನ್ನೊಬ್ಬ ಏಜೆಂಟರಲ್ಲಿ ಟಿಕೆಟ್ ತೆಗೆದೆ. ಮೂರು ವಾರ ಮುಂಚೆ ಸಾಕಾಯಿತು; ಅಗ್ಗಕ್ಕೇ ಸಿಕ್ಕಿತು. ವಿಮಾನದಲ್ಲಿ ಅಮ್ಮನ ಇನ್ನೊಂದು ಪಕ್ಕದ ಸೀಟು ಖಾಲಿಯೇ ಇತ್ತು, ಅವಳು ಅಲ್ಲಿ ದಿಂಬು ಇಟ್ಟುಕೊಂಡಳು.

ಪುಣೆಯಲ್ಲಿ ತಂಗಿಗೂ ಅವಳ ಗಂಡನಿಗೂ ರಜೆ ಉಳಿದಿರಲಿಲ್ಲ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು. ನಾವಿಬ್ಬರೂ ಬಾಲ್ಕನಿಯಲ್ಲಿ ಕೂತು ಯಾರದೋ ಬಟ್ಟೆ ಒಣಗುವುದನ್ನು ನೋಡುತ್ತಿದ್ದೆವು. ಹೊರಡುವ ಹಿಂದಿನ ಸಂಜೆ ಅಮ್ಮ ಬೀಗರ ವಿಷಯ ತೆಗೆದಳು. ಹಬ್ಬಕ್ಕೆ ಬಂದವರು ಏನಂದರು?

ತಂಗಿ ಅವರೆಕಾಯಿ ಬಿಡಿಸುತ್ತ, “ನಿಮ್ಮ ಕಡೆಯೋರಿಗೆ ನಾವು ಬೇಡ ಅಂತ ಕಾಣುತ್ತೆ, ಅಂದ್ರು” ಎಂದಳು.

“ಟಿಕೆಟ್ ಸಿಗ್ಲಿಲ್ಲ ಅಂತ ಹೇಳ್ಬಾರ್ದಾಗಿತ್ತಾ?”

“ಹೇಳ್ದೆ ಅಮ್ಮ. ನಮ್ಮಣ್ಣಂದೇ ಟಿಕೆಟ್ ಅಂಗಡಿ ಅಂತ ಮದುವೆಗೆ ಮುಂಚೇನೇ ಹೆಮ್ಮೆಯಿಂದ ಹೇಳ್ಕೊಂಡಿದ್ದೆ. ಈಗ ಯಾರು ನಂಬ್ತಾರೆ?”

ಅಮ್ಮ ಅವಳ ಮಡಿಲಿನಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ತಾನೂ ಬಿಡಿಸತೊಡಗಿದಳು. ಅಣ್ಣನ ಪರವಾಗಿ ಅವಳು ಏನಾದರೂ ಹೇಳಬಹುದೆಂದು ನಾನು ಕಾದೆ. ಹೇಳಲಿಲ್ಲ.