ಸರ್ವಾನುಮತದ ಬಾದಾಮಿ

ಭೀಮರಾಯನಗುಡಿಯ ಕಚೇರಿಯೊಂದರಲ್ಲಿ ಸಂಘಮಿತ್ರಾ ಹತ್ತೊಂಬತ್ತು ವರ್ಷದಿಂದ ಸಭೆಗಳ ನಡಾವಳಿ ಬರೆಯುತ್ತ ಬಂದಿದ್ದಾಳೆ. ಮೂರು ತಾಸಿನ ಕೂಗಾಟವನ್ನು ಅರ್ಧ ಹಾಳೆಗೆ ಇಳಿಸುವವಳು. ಮಾತುಗಾರರೆಂದರೆ ಅವಳಿಗೆ ಮೈಯೆಲ್ಲ ಉರಿ. ಬರೆದದ್ದಷ್ಟೇ ದಾಖಲೆ, ಉಳಿದದ್ದು ಬರೀ ಗಾಳಿ ಎನ್ನುವುದು ಅವಳ ಲೆಕ್ಕ.

ಹಾಗಾಗಿ ಬಾದಾಮಿ ಪ್ರವಾಸದ ವಾಟ್ಸಾಪ್ ಗುಂಪಿನ ನಾನೂರು ಸಂದೇಶಗಳನ್ನು ಸೋಸುವ ಕೆಲಸ ಅವಳ ತಲೆಗೇ ಬಿತ್ತು. ಗುಂಪಿನಲ್ಲಿದ್ದವರು ನಾಲ್ವರು, ಸುರಪುರದ ಶಾಲೆಯಲ್ಲಿ ಒಟ್ಟಿಗೆ ಕಲಿತವರು. ಹತ್ತನೇ ತರಗತಿಯಲ್ಲಿ ಮೂವರು ಬಾದಾಮಿ ನೋಡಿ ಬಂದಿದ್ದರು. ಸಾವಿತ್ರಿಬಾಯಿ ಮಾತ್ರ ಅಂದು ಕಂಡವರ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು. ಈ ಪ್ರವಾಸ ಎದ್ದದ್ದೇ ಅವಳಿಗಾಗಿ.

ಎಂಥ ಸಂದೇಶಗಳು, ಅಯ್ಯೋ! ಯಾದಗಿರಿಯ ಕಾಂತೇಶ ಒಮ್ಮೆ ಗೋವಾ ಅಂದ, ಒಮ್ಮೆ ಗೋಕರ್ಣ ಅಂದ, ನಡುವೆ ಮೂವತ್ತು ಶುಭೋದಯ ಕಳಿಸಿದ. ಶಹಾಪುರದ ಬಟ್ಟೆ ಅಂಗಡಿಯ ಉಮಾಶ್ರೀ ಎಲ್ಲದಕ್ಕೂ "ನೀವ್ ಹೇಳ್ದಂಗ" ಅಂದಳು, ಗೋವಾಕ್ಕೂ, ಶುಭೋದಯಕ್ಕೂ. ಕೆಂಭಾವಿಯ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಸಾವಿತ್ರಿಬಾಯಿ ಟೈಪು ಮಾಡಲಾರದೆ ಏಳು ಧ್ವನಿ ಸಂದೇಶ ಬಿಟ್ಟಿದ್ದಳು. "ಇಕೀದೊಂದು ಪುರಾಣ" ಎಂದು ಸಂಘಮಿತ್ರಾ ಅವನ್ನು ದಾಟಿ ಮುಂದೆ ಸರಿದಳು.

ಐದೇ ಸಾಲಾಯಿತು. ಎರಡನೇ ಶನಿವಾರ ಬೆಳಗ್ಗೆ ಐದಕ್ಕೆ ಯಾದಗಿರಿಯಿಂದ ಬಾಡಿಗೆ ಕ್ರೂಸರ್, ಶಹಾಪುರ, ಭೀಮರಾಯನಗುಡಿ, ಕೆಂಭಾವಿಯಲ್ಲಿ ಹತ್ತಿಸಿಕೊಳ್ಳುವುದು, ಮಧ್ಯಾಹ್ನ ಬಾದಾಮಿ ಗುಹೆ. ಕೊನೆಗೆ ರೂಢಿಯಂತೆ: "ಸರ್ವಾನುಮತದಿಂದ ತೀರ್ಮಾನಿಸಲಾಯಿತು."

ಕಾಂತೇಶ ಹೆಬ್ಬೆರಳೆತ್ತಿದ. ಉಮಾಶ್ರೀ ಎತ್ತಿದಳು. ಸಾವಿತ್ರಿಬಾಯಿಯಿಂದ ಮತ್ತೆ ಧ್ವನಿ. ಅವಳ ಒಪ್ಪಿಗೆಯೊಂದು ಬಾಕಿಯಿತ್ತಲ್ಲ, ಸಂಘಮಿತ್ರಾ ಇದನ್ನಾದರೂ ಒತ್ತಿದಳು.

"ಛಲೋ ಬರದೀ, ಮಿತ್ರಾ. ನೀವು ಮೂರೂ ಮಂದಿ ಹೋಗಿ ಬರ್ರಿ. ನಾ ಏಳು ಸಲ ಹೇಳೀನಿ, ಒಂದರ ಮೈಕಿನ ಗುರುತೂ ನೀಲಿ ಆಗಿಲ್ಲ. ಯಾರೂ ಕೇಳಿಲ್ಲ, ನೀನೂ ಕೇಳಿಲ್ಲ."

ಸಂಘಮಿತ್ರಾಳ ಮುಖ ಕೆಂಪಾಯಿತು. ಹಳೆಯ ಸಂದೇಶಗಳಿಗೆ ಮರಳಿ ಏಳನ್ನೂ ಕೇಳಿದಳು. ಶನಿವಾರ ಹಾಸ್ಟೆಲಿನ ಮಧ್ಯಾಹ್ನದೂಟ ಬಡಿಸದೆ ಹೊರಡಲಾಗದು. ಒಂದು ಗಂಟೆಗೆ ಬಿಟ್ಟರೆ ಹುಣಸಗಿ ಮೇಲೆ ಹಾದು ರಾತ್ರಿ ಬಾದಾಮಿಯಲ್ಲಿ ಮಲಗಬಹುದು. ಭಾನುವಾರ ಬೆಳಗಿನ ತಂಪಿಗೇ ಗುಹೆಯ ಮೆಟ್ಟಿಲು, ಆಮೇಲೆ ಪಟ್ಟದಕಲ್ಲು, ಮರಳುವಾಗ ಐಹೊಳೆ. ಬಾಡಿಗೆ ಗಾಡಿ ಓಡಿಸುವ ದಸ್ತಗೀರಸಾಬನ ಜೊತೆ ಮಾತೂ ಆಗಿತ್ತು. ನಾನೂರು ಸಂದೇಶದಲ್ಲಿ ಪ್ರವಾಸ ಇದ್ದದ್ದು ಈ ಏಳರಲ್ಲಿ ಮಾತ್ರ. ಉಳಿದ ಮೂವರದ್ದು ಬರೀ ಗಾಳಿ, ಅದರಲ್ಲಿ ತನ್ನದೂ ಸೇರಿತ್ತು. ಥೂ, ಇಷ್ಟು ವರ್ಷ ಬರೆದ ನಡಾವಳಿಗಳಲ್ಲಿ ಇನ್ನೆಷ್ಟು ಜನರ ಬಾಯಿ ಮುಚ್ಚಿಸಿದ್ದೇನೋ ಅನ್ನಿಸಿತು.

ಹೊಸದಾಗಿ ಬರೆದಳು. ಕಳಿಸುವ ಮೊದಲು ಬದುಕಿನಲ್ಲಿ ಮೊದಲ ಸಲ ಧ್ವನಿ ಸಂದೇಶ ಮಾಡಿ, ಸಾವಿತ್ರಿಬಾಯಿಗೆ ಸಾಲುಸಾಲಾಗಿ ಓದಿ ಹೇಳಿದಳು. "ತಪ್ಪಾತವ್ವಾ. ಇದು ಖರೇನ?"

ಮೈಕಿನ ಗುರುತು ನೀಲಿಯಾಗುವವರೆಗೂ ಅವಳು ಫೋನು ಕೆಳಗಿಡಲಿಲ್ಲ. ಆಮೇಲೆ ಉತ್ತರ ಬಂತು.

"ಹಾಂ. ಈಗ ಬರಿ, ಎಲ್ಲಾರೂ ಒಪ್ಪ್ಯಾರ ಅಂತ."